ಅಪ್ಪನ ವಾರದ ಊಟ, ನೀರಿನ ಚಾರ್ಟ್ (ಫ್ರಿಜ್ ಮೇಲೆ ಅಂಟಿಸಿದ್ದು)

ಡಯಟಿಷಿಯನ್ ಹೇಳಿದ್ದು: ದ್ರವ ದಿನಕ್ಕೆ 1 ಲೀಟರ್, ಉಪ್ಪು ಕಡಿಮೆ, ದಿನಾ ಎರಡು ಮೊಟ್ಟೆಯ ಬಿಳಿ. ಡಯಾಲಿಸಿಸ್ ಮಂಗಳವಾರ, ಶುಕ್ರವಾರ.

ದ್ರವ: ಕಾಫಿ 100 ಮಿ.ಲೀ. ಎರಡು ಸಲ, ಸಾರು 150, ಮಜ್ಜಿಗೆ 100, ನೀರು 550. ಬೆಳಿಗ್ಗೆಯೇ 550 ಅಳೆದು ಸ್ಟೀಲ್ ಬಾಟಲಿಗೆ ತುಂಬಿಡಿ. ಮಾತ್ರೆಗೂ ಅದೇ ನೀರು. ಬಾಯಿ ಒಣಗಿದರೆ ಮುಕ್ಕಳಿಸಿ ಉಗಿಯಿರಿ.

ಸೋಮ, ಗುರು: ಇಡ್ಲಿ, ಅನ್ನ, ಹೀರೇಕಾಯಿ ಪಲ್ಯ
ಮಂಗಳ, ಶುಕ್ರ: ಅಕ್ಕಿ ರೊಟ್ಟಿ, ಅನ್ನ, ಸೋರೆಕಾಯಿ ಪಲ್ಯ
ಬುಧ, ಶನಿ: ಅವಲಕ್ಕಿ, ಚಪಾತಿ, ಎಲೆಕೋಸು
ಭಾನುವಾರ: ದೋಸೆ, ಚಟ್ನಿ ಒಂದೇ ಚಮಚ

ರಾತ್ರಿ ಮಧ್ಯಾಹ್ನದ್ದೇ, ಸ್ವಲ್ಪ ಕಡಿಮೆ. ಹಣ್ಣು ಅಂದರೆ ಅರ್ಧ ಸೇಬು, ಅಷ್ಟೇ.

ಅಮ್ಮಾ, ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿಬಿಡಿ. ಪೊಟ್ಯಾಷಿಯಂ ಅದರಲ್ಲೇ ಹೋಗುತ್ತದೆ. ಸಾರಿಗೆ ಆ ನೀರು ಹಾಕಬೇಡಿ, ರುಚಿ ಇದ್ದರೂ.

ಎಳನೀರು, ಬಾಳೆಹಣ್ಣು, ಕಿತ್ತಳೆ ಜ್ಯೂಸ್, ಉಪ್ಪಿನಕಾಯಿ, ಹಪ್ಪಳ ಬೇಡ. ‘ಲೋ ಸೋಡಿಯಂ’ ಉಪ್ಪಂತೂ ಬೇಡವೇ ಬೇಡ, ಅದರಲ್ಲಿ ಪೊಟ್ಯಾಷಿಯಂ ಇರುತ್ತದೆ.

ದಿನಾ ಬೆಳಿಗ್ಗೆ ತೂಕ ಬರೆಯಿರಿ. ಡಯಾಲಿಸಿಸ್ ನಡುವೆ 2 ಕೆ.ಜಿ. ಏರಿದರೆ, ಇಲ್ಲಾ ಉಸಿರು ಕಟ್ಟಿದರೆ, ತಕ್ಷಣ ನನಗೂ ಡಯಾಲಿಸಿಸ್ ಯೂನಿಟ್‌ಗೂ ಫೋನ್ ಮಾಡಿ. ರಾತ್ರಿ ಎಷ್ಟೊತ್ತಾದರೂ ಸರಿ.