ಇಂಗಾಲದ ಚಕ್ರ ಮತ್ತು ಸಾರಜನಕದ ಚಕ್ರ: ಗುರುವಾರದ ಟೆಸ್ಟ್‌ಗೆ ಚಿತ್ರ ಸಮೇತ ನೋಟ್ಸ್

ಗುರುವಾರ 25 ಅಂಕದ ಟೆಸ್ಟ್. ಅದರಲ್ಲಿ ಎರಡು ಚಿತ್ರಗಳಿಗೇ 8 ಅಂಕ. ಹೋದ ಸಲ ಚಿತ್ರ ಚೆನ್ನಾಗಿ ಬರೆದವರಿಗೂ ಅಂಕ ಹೋಯಿತು. ಕಾರಣ ಒಂದೇ: ಬಾಣ ಹಾಕಿದ್ದರು, ಬಾಣದ ಮೇಲೆ ಏನೂ ಬರೆದಿರಲಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಚೌಕದೊಳಗೆ ಜಾಗ, ಬಾಣದ ಮೇಲೆ ಕೆಲಸ. ಇಂಗಾಲ ಎಲ್ಲಿದೆ ಅನ್ನುವುದು ಚೌಕದಲ್ಲಿ, ಅಲ್ಲಿಂದ ಹೇಗೆ ಹೊರಟಿತು ಅನ್ನುವುದು ಬಾಣದ ಮೇಲೆ. ಬಾಣದ ತುದಿ ಯಾವ ಕಡೆ ಇದೆ ಅಂತ ಎರಡು ಸಲ ನೋಡಿ.

ಚಿತ್ರ 1: ಇಂಗಾಲದ ಚಕ್ರ

ಹಾಳೆಯ ಮೇಲ್ಭಾಗದಲ್ಲಿ ಗಾಳಿಯ ಚೌಕವನ್ನು ಉದ್ದಕ್ಕೆ ಬರೆಯಿರಿ. ಉಳಿದ ಆರು ಚೌಕ ಅದರ ಕೆಳಗೆ. ಬಾಣಗಳು ಇವು:

```
[ಗಾಳಿ: CO₂] ──(1) ದ್ಯುತಿಸಂಶ್ಲೇಷಣೆ──▶ [ಹಸಿರು ಗಿಡಗಳು]
[ಹಸಿರು ಗಿಡಗಳು] ──(2) ಆಹಾರ ಸೇವನೆ──▶ [ಪ್ರಾಣಿಗಳು]
[ಗಿಡ, ಪ್ರಾಣಿ] ──(3) ಉಸಿರಾಟ──▶ [ಗಾಳಿ: CO₂]
[ಗಿಡ, ಪ್ರಾಣಿ] ──(4) ಸಾವು, ತ್ಯಾಜ್ಯ──▶ [ಸತ್ತ ವಸ್ತು]
[ಸತ್ತ ವಸ್ತು] ──(5) ವಿಘಟನೆ──▶ [ಗಾಳಿ: CO₂]
[ಸತ್ತ ವಸ್ತು] ──(6) ಹೂತು, ಒತ್ತಡ ಮತ್ತು ಶಾಖ──▶ [ಪಳೆಯುಳಿಕೆ ಇಂಧನ]
[ಪಳೆಯುಳಿಕೆ ಇಂಧನ] ──(7) ದಹನ──▶ [ಗಾಳಿ: CO₂]
[ಗಾಳಿ: CO₂] ◀──(8) ಕರಗುವುದು, ಹೊರಬರುವುದು──▶ [ಸಮುದ್ರ]
[ಸಮುದ್ರ] ──(9) ಚಿಪ್ಪು ಕಟ್ಟುವುದು──▶ [ಸುಣ್ಣಕಲ್ಲು: CaCO₃]
[ಸುಣ್ಣಕಲ್ಲು] ──(10) ಜ್ವಾಲಾಮುಖಿ, ಸುಡುವಿಕೆ──▶ [ಗಾಳಿ: CO₂]
```

ಬರೆದಾದ ಮೇಲೆ ಗಾಳಿಗೆ ವಾಪಸ್ ಬರುವ ಬಾಣಗಳನ್ನು ಎಣಿಸಿ. 3, 5, 7, 8, 10. ಐದು ಇರಬೇಕು. ಕಮ್ಮಿ ಇದ್ದರೆ ಎಲ್ಲೋ ಒಂದು ಬಿಟ್ಟಿದ್ದೀರಿ.

ವಿವರಣೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಸುಮಾರು 0.04% ಮಾತ್ರ. ಭೂಮಿಯ ಮೇಲಿನ ಗಿಡಗಳೆಲ್ಲ ತಮ್ಮ ಮೈ ಕಟ್ಟಿಕೊಳ್ಳುವುದು ಇಷ್ಟರಿಂದಲೇ. ಎಲೆ ಗಾಳಿಯ CO₂, ಬೇರಿನಿಂದ ಬಂದ ನೀರು, ಸೂರ್ಯನ ಬೆಳಕು ಸೇರಿಸಿ ಗ್ಲೂಕೋಸ್ ಮಾಡುತ್ತದೆ:

6CO₂ + 6H₂O → C₆H₁₂O₆ + 6O₂

ಆ ಗ್ಲೂಕೋಸ್‌ನಲ್ಲಿರುವ ಒಂದೇ ಒಂದು ಇಂಗಾಲದ ಪರಮಾಣುವಿನ ಹಿಂದೆ ಹೋಗೋಣ. ಎಲೆಯನ್ನು ಕಂಬಳಿಹುಳು ತಿಂದಿತು, ಹುಳುವನ್ನು ಹಕ್ಕಿ ತಿಂದಿತು. ಹಕ್ಕಿ ಉಸಿರು ಬಿಟ್ಟಾಗ ಅದು CO₂ ಆಗಿ ಮತ್ತೆ ಗಾಳಿ ಸೇರಿತು. ಇದಕ್ಕೆ ಕೆಲವೇ ದಿನ ಸಾಕು. ಅದೇ ಎಲೆ ಉದುರಿ ಮಣ್ಣಿಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅದನ್ನು ಕೊಳೆಸಲು ತಿಂಗಳುಗಳು ಬೇಕಿತ್ತು. ಕೊಳೆಯದೆ ಕೆಸರಿನಡಿ ಹೂತುಹೋಗಿದ್ದರೆ? ಕೋಟ್ಯಂತರ ವರ್ಷ ಕಳೆದು ಕಲ್ಲಿದ್ದಲು ಆಗುತ್ತಿತ್ತೇನೋ.

ತೊಂದರೆ ಇರುವುದೂ ಇಲ್ಲೇ. 6ನೇ ಬಾಣಕ್ಕೆ ಕೋಟಿ ವರ್ಷಗಳು ಹಿಡಿದವು. 7ನೇ ಬಾಣದ ಕೆಲಸವನ್ನು ನಾವು ಎರಡು-ಮೂರು ಶತಮಾನಗಳಲ್ಲೇ ಮಾಡುತ್ತಿದ್ದೇವೆ. ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 CO₂ ಇದ್ದವು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯಲು ಶುರುಮಾಡಿದಾಗ ಸುಮಾರು 315. ಈಗ 420 ದಾಟಿದೆ. ಆ ಗ್ರಾಫ್ ನೇರ ಗೆರೆಯಲ್ಲ, ಗರಗಸದ ಹಲ್ಲಿನ ಹಾಗಿದೆ. ಉತ್ತರಾರ್ಧಗೋಳದ ಬೇಸಿಗೆಯಲ್ಲಿ ಗಿಡಗಳು CO₂ ಎಳೆದುಕೊಂಡು ಅದು ಇಳಿಯುತ್ತದೆ, ಚಳಿಗಾಲದಲ್ಲಿ ಏರುತ್ತದೆ. ಅಂದರೆ ನಮ್ಮ ಚಿತ್ರದ 1, 3 ಮತ್ತು 5ನೇ ಬಾಣಗಳು ಆ ಗ್ರಾಫ್‌ನಲ್ಲಿ ಕಣ್ಣಿಗೇ ಕಾಣುತ್ತವೆ!

ಸುಮಾರು ಜನ ಮಾಡುವ ತಪ್ಪು: 3ನೇ ಬಾಣವನ್ನು ಪ್ರಾಣಿಗಳಿಂದ ಮಾತ್ರ ಹಾಕುವುದು. ಗಿಡವೂ ಉಸಿರಾಡುತ್ತದೆ, ಹಗಲೂ ರಾತ್ರಿಯೂ. ಹಗಲು ದ್ಯುತಿಸಂಶ್ಲೇಷಣೆ ಜೋರಾಗಿರುವುದರಿಂದ ಉಸಿರಾಟ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ಸಮುದ್ರದ ಭಾಗಕ್ಕೆ ಎರಡು ವಾಕ್ಯ ಸಾಕು. ನೀರಿನಲ್ಲಿ ಕರಗಿದ CO₂ ಕಾರ್ಬೊನೇಟ್ ಆಗುತ್ತದೆ, ಜೀವಿಗಳು ಅದರಿಂದ ಚಿಪ್ಪು ಕಟ್ಟಿಕೊಳ್ಳುತ್ತವೆ. ಚಿಪ್ಪುಗಳು ತಳದಲ್ಲಿ ಕೂಡಿ ಸುಣ್ಣಕಲ್ಲು ಆಗುತ್ತವೆ.

ಚಿತ್ರ 2: ಸಾರಜನಕದ ಚಕ್ರ

```
[ಗಾಳಿ: N₂] ──(1) ಬ್ಯಾಕ್ಟೀರಿಯಾ ಸ್ಥಿರೀಕರಣ──▶ [ಅಮೋನಿಯಾ: NH₃]
[ಗಾಳಿ: N₂] ──(2) ಮಿಂಚು, ಮಳೆ──▶ [ನೈಟ್ರೇಟ್: NO₃⁻]
[ಗಾಳಿ: N₂] ──(3) ಗೊಬ್ಬರದ ಕಾರ್ಖಾನೆ──▶ [ಅಮೋನಿಯಾ: NH₃]
[ಅಮೋನಿಯಾ] ──(4) ನೈಟ್ರೊಸೊಮೊನಾಸ್──▶ [ನೈಟ್ರೈಟ್: NO₂⁻]
[ನೈಟ್ರೈಟ್] ──(5) ನೈಟ್ರೊಬ್ಯಾಕ್ಟರ್──▶ [ನೈಟ್ರೇಟ್: NO₃⁻]
[ನೈಟ್ರೇಟ್] ──(6) ಬೇರು ಹೀರುವುದು──▶ [ಗಿಡಗಳು: ಪ್ರೋಟೀನ್]
[ಗಿಡಗಳು] ──(7) ಆಹಾರ ಸೇವನೆ──▶ [ಪ್ರಾಣಿಗಳು: ಪ್ರೋಟೀನ್]
[ಗಿಡ, ಪ್ರಾಣಿಗಳ ಸತ್ತ ವಸ್ತು, ಮೂತ್ರ] ──(8) ಅಮೋನೀಕರಣ──▶ [ಅಮೋನಿಯಾ]
[ನೈಟ್ರೇಟ್] ──(9) ಡಿನೈಟ್ರೀಕರಣ, ಸ್ಯೂಡೊಮೊನಾಸ್──▶ [ಗಾಳಿ: N₂]
```

ವಿವರಣೆ. ಗಾಳಿಯಲ್ಲಿ 78% ಸಾರಜನಕವೇ. ಆದರೂ ಗಿಡ ಅದನ್ನು ನೇರವಾಗಿ ಬಳಸಲಾರದು. N₂ ಅಣುವಿನ ಎರಡು ಪರಮಾಣುಗಳ ನಡುವೆ ಮೂರು ಬಂಧಗಳಿವೆ, ಅವನ್ನು ಬಿಡಿಸುವುದು ಭಾರಿ ಕಷ್ಟ. ಮಿಂಚಿಗೆ ಆ ಶಕ್ತಿ ಇದೆ. ಕಾರ್ಖಾನೆಯಲ್ಲಿ ಹೇಬರ್ ವಿಧಾನದಲ್ಲಿ ಸುಮಾರು 450°C ಶಾಖ, ಜಾಸ್ತಿ ಒತ್ತಡ, ಕಬ್ಬಿಣದ ವೇಗವರ್ಧಕ ಬೇಕು. ರೈಜೋಬಿಯಂ ಬ್ಯಾಕ್ಟೀರಿಯಾ ಮಾತ್ರ ಅದೇ ಕೆಲಸವನ್ನು ಮಣ್ಣಿನ ತಂಪಿನಲ್ಲಿ ಸುಮ್ನೆ ಕೂತು ಮಾಡುತ್ತದೆ!

ಇದನ್ನು ಒಮ್ಮೆ ಕಣ್ಣಾರೆ ನೋಡಿ. ಬಟಾಣಿ ಅಥವಾ ಶೇಂಗಾ ಗಿಡವೊಂದನ್ನು ಬೇರು ಹರಿಯದ ಹಾಗೆ ಕಿತ್ತು, ನೀರಿನಲ್ಲಿ ಮಣ್ಣು ತೊಳೆಯಿರಿ. ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ. ಆ ಬಣ್ಣ ಲೆಗ್‌ಹಿಮೊಗ್ಲೋಬಿನ್‌ನದು. ನಮ್ಮ ರಕ್ತದ ಹಿಮೊಗ್ಲೋಬಿನ್‌ನ ನೆಂಟ ಅನ್ನಬಹುದು. ಗಂಟಿನಲ್ಲಿ ಆದ ಅಮೋನಿಯಾ ನೇರವಾಗಿ ಆ ಗಿಡಕ್ಕೇ ಸಿಗುತ್ತದೆ. ಬದಲಿಗೆ ಗಿಡ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕೊಡುತ್ತದೆ. ಮಣ್ಣಿನಲ್ಲಿ ಸ್ವತಂತ್ರವಾಗಿರುವ ಅಜೋಟೊಬ್ಯಾಕ್ಟರ್ ಕೂಡ ಸ್ಥಿರೀಕರಣ ಮಾಡುತ್ತದೆ.

4 ಮತ್ತು 5ನೇ ಬಾಣಗಳ ಹೆಸರು ಎಲ್ಲರಿಗೂ ಅದಲು ಬದಲಾಗುತ್ತದೆ, ಅಲ್ವಾ? ಬಾಯಿಪಾಠ ಬೇಡ, ಆಕ್ಸಿಜನ್ ಎಣಿಸಿ. NH₃ಯಲ್ಲಿ ಸೊನ್ನೆ, NO₂⁻ನಲ್ಲಿ 2, NO₃⁻ನಲ್ಲಿ 3. ಸೊನ್ನೆಯಿಂದ ಎರಡಕ್ಕೆ ಏರಿಸುವುದು ನೈಟ್ರೊಸೊಮೊನಾಸ್, ಎರಡರಿಂದ ಮೂರಕ್ಕೆ ನೈಟ್ರೊಬ್ಯಾಕ್ಟರ್. ಇವೆರಡು ಹೆಜ್ಜೆ ಸೇರಿ ನೈಟ್ರೀಕರಣ. ಡಿನೈಟ್ರೀಕರಣದಲ್ಲಿ ಮೂರೂ ಹೋಗಿ ಮತ್ತೆ ಸೊನ್ನೆ.

ಎರಡು ಮಾದರಿ ಪ್ರಶ್ನೆ

*ನೀರು ನಿಂತ ಮಣ್ಣಿನಲ್ಲಿ ಬೆಳೆ ಹಳದಿಯಾಗುವುದಕ್ಕೂ ಸಾರಜನಕದ ಚಕ್ರಕ್ಕೂ ಏನು ಸಂಬಂಧ? (2 ಅಂಕ)*
ನೀರು ನಿಂತಾಗ ಮಣ್ಣಿನಲ್ಲಿ ಆಕ್ಸಿಜನ್ ಕಮ್ಮಿಯಾಗುತ್ತದೆ. ಆಗ ಡಿನೈಟ್ರೀಕರಣ ಬ್ಯಾಕ್ಟೀರಿಯಾಗಳು ನೈಟ್ರೇಟ್‌ನಲ್ಲಿರುವ ಆಕ್ಸಿಜನ್ ಬಳಸಿ ಉಸಿರಾಡುತ್ತವೆ, ಸಾರಜನಕ ಅನಿಲವಾಗಿ ಗಾಳಿಗೆ ಹೋಗುತ್ತದೆ. ಗಿಡಕ್ಕೆ ನೈಟ್ರೇಟ್ ಸಾಲದೆ ಎಲೆ ಹಳದಿಯಾಗುತ್ತದೆ.

*ವಿಘಟಕಗಳು ಇಲ್ಲದಿದ್ದರೆ ಎರಡೂ ಚಕ್ರಗಳಲ್ಲಿ ಯಾವ ಬಾಣಗಳು ನಿಲ್ಲುತ್ತವೆ? (2 ಅಂಕ)*
ಇಂಗಾಲದ ಚಕ್ರದಲ್ಲಿ 5ನೇ ಬಾಣ, ಸಾರಜನಕದ ಚಕ್ರದಲ್ಲಿ 8ನೇ ಬಾಣ. ಇಂಗಾಲವೂ ಸಾರಜನಕವೂ ಸತ್ತ ವಸ್ತುವಿನ ಚೌಕದಲ್ಲೇ ಸಿಕ್ಕಿಕೊಳ್ಳುತ್ತವೆ.