ಶಿರಸಿಯ ಅಡಿಕೆ–ಕಾಳುಮೆಣಸು ಕಂಪನಿಯ ಮೂರು ವರ್ಷದ ಲೆಕ್ಕಪತ್ರ: ಶೇಕಡಾವಾರು ಮತ್ತು ಅನುಪಾತ ವಿಶ್ಲೇಷಣೆ

ನಿರ್ದೇಶಕ ಮಂಡಳಿಗೆ ವರದಿ. ಅವಧಿ: 2022-23, 2023-24, 2024-25. ಮೊತ್ತಗಳೆಲ್ಲ ಲಕ್ಷ ರೂಪಾಯಿಗಳಲ್ಲಿ.

ಎರಡು ವರ್ಷದಲ್ಲಿ ಮಾರಾಟ 640ರಿಂದ 900 ಲಕ್ಷಕ್ಕೆ ಏರಿದೆ, ಅಂದರೆ ಸುಮಾರು ಶೇ 41. ಅದೇ ಅವಧಿಯಲ್ಲಿ ನಿವ್ವಳ ಲಾಭ 26.3ರಿಂದ 10.8 ಲಕ್ಷಕ್ಕೆ ಇಳಿದಿದೆ. ಹೆಚ್ಚಿದ ವಹಿವಾಟಿಗೆ ಬೇಕಾದ ಹಣ ಬಂದದ್ದು ಬ್ಯಾಂಕಿನ ಸಿಸಿ ಸಾಲದಿಂದ, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್‌ನಿಂದ. ಆ ಸಾಲದ ಬಡ್ಡಿ ಕಟ್ಟುವಷ್ಟು ಲಾಭವನ್ನು ಹೆಚ್ಚುವರಿ ವಹಿವಾಟು ತಂದಿಲ್ಲ. ಮುಂದಿನ ಪಟ್ಟಿಗಳನ್ನು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

ಹೋಲಿಕೆಗೆ ಮೊದಲು ಒಂದು ತಿದ್ದುಪಡಿ ಮಾಡಿದ್ದೇವೆ. ತೋಟದಿಂದ ಗೋದಾಮಿಗೆ ಮಾಲು ತರುವ ಸಾಗಣೆ ಖರ್ಚು 2022-23ರಲ್ಲಿ ‘ಇತರ ಖರ್ಚು’ಗಳಲ್ಲಿತ್ತು, ನಂತರದ ವರ್ಷಗಳಲ್ಲಿ ಮಾಲಿನ ವೆಚ್ಚಕ್ಕೆ ಸೇರಿದೆ. ಆ 6.4 ಲಕ್ಷವನ್ನು ಮೊದಲ ವರ್ಷದಲ್ಲೂ ಮಾಲಿನ ವೆಚ್ಚಕ್ಕೆ ಸೇರಿಸಿದ್ದೇವೆ. ಹಾಗೆ ಮಾಡದಿದ್ದರೆ 2022-23ರ ಒಟ್ಟು ಲಾಭ ಶೇ 21 ಎಂದು ಕಾಣುತ್ತಿತ್ತು, ಇಳಿಕೆ ಇರುವುದಕ್ಕಿಂತ ಒಂದು ಅಂಶ ಹೆಚ್ಚು ಅನ್ನಿಸುತ್ತಿತ್ತು.

ಲಾಭ-ನಷ್ಟ ಪಟ್ಟಿ (ಆವರಣದಲ್ಲಿ ಮಾರಾಟದ ಶೇಕಡಾವಾರು)

| ಬಾಬ್ತು | 2022-23 | 2023-24 | 2024-25 |
|---|---|---|---|
| ಮಾರಾಟ | 640.0 (100) | 780.0 (100) | 900.0 (100) |
| ಮಾಲಿನ ವೆಚ್ಚ | 512.0 (80.0) | 639.6 (82.0) | 756.0 (84.0) |
| ಒಟ್ಟು ಲಾಭ | 128.0 (20.0) | 140.4 (18.0) | 144.0 (16.0) |
| ಸಂಬಳ, ಕೂಲಿ | 32.0 (5.0) | 35.1 (4.5) | 37.8 (4.2) |
| ಇತರ ಖರ್ಚು | 38.4 (6.0) | 46.8 (6.0) | 52.2 (5.8) |
| ಸವಕಳಿ | 9.6 (1.5) | 9.4 (1.2) | 10.8 (1.2) |
| ಬಡ್ಡಿಗೆ ಮುಂಚಿನ ಲಾಭ | 48.0 (7.5) | 49.1 (6.3) | 43.2 (4.8) |
| ಬಡ್ಡಿ, ಬ್ಯಾಂಕ್ ಶುಲ್ಕ | 12.8 (2.0) | 20.3 (2.6) | 28.8 (3.2) |
| ತೆರಿಗೆ ಪೂರ್ವ ಲಾಭ | 35.2 (5.5) | 28.8 (3.7) | 14.4 (1.6) |
| ತೆರಿಗೆ | 8.9 (1.4) | 7.2 (0.9) | 3.6 (0.4) |
| ನಿವ್ವಳ ಲಾಭ | 26.3 (4.1) | 21.6 (2.8) | 10.8 (1.2) |

ಸಂಬಳ ಮತ್ತು ಇತರ ಖರ್ಚು ಹಿಡಿತದಲ್ಲಿವೆ, ಅಲ್ಲಿ ಕತ್ತರಿ ಆಡಿಸಿ ಸಿಗುವುದು ಅಲ್ಪ. ಪೆಟ್ಟು ಬಿದ್ದಿರುವುದು ಮಾಲಿನ ವೆಚ್ಚ ಮತ್ತು ಬಡ್ಡಿ ಎಂಬ ಎರಡು ಸಾಲುಗಳಲ್ಲಿ. ಈಗಿನ ಮಾರಾಟದಲ್ಲಿ ಒಟ್ಟು ಲಾಭದ ಒಂದು ಶೇಕಡಾ ಅಂಶವೆಂದರೆ 9 ಲಕ್ಷ ರೂಪಾಯಿ, ನಾಲ್ಕು ಅಂಶವೆಂದರೆ 36 ಲಕ್ಷ.

ಈ ನಾಲ್ಕು ಅಂಶ ಹೋದದ್ದು ಎಲ್ಲಿ ಎಂದು ತಿಳಿಯಲು ಮಾಲುವಾರು ಬಿಡಿಸಿ ನೋಡಬೇಕು. ಪ್ಯಾಕ್ ಮಾಡಿದ ಕಾಳುಮೆಣಸಿನ ಮಾರಾಟ 2022-23ರಲ್ಲಿ 192 ಲಕ್ಷ ಇತ್ತು, 2024-25ರಲ್ಲಿ 198 ಲಕ್ಷ. ಅದರ ಒಟ್ಟು ಲಾಭ 57.6ರಿಂದ 57.4, ಅಂದರೆ ಇದ್ದಲ್ಲೇ ಇದೆ. ಅಡಿಕೆ ಮಾರಾಟ ಮಾತ್ರ 448ರಿಂದ 702 ಲಕ್ಷಕ್ಕೆ ಜಿಗಿದಿದೆ, ಅದರ ಒಟ್ಟು ಲಾಭ 70.4ರಿಂದ 86.6 ಲಕ್ಷ. 254 ಲಕ್ಷದ ಹೊಸ ಅಡಿಕೆ ವ್ಯಾಪಾರ ತಂದುಕೊಟ್ಟದ್ದು 16.2 ಲಕ್ಷ. ಅದೇ ಅವಧಿಯಲ್ಲಿ ಬಡ್ಡಿಯೊಂದೇ 16 ಲಕ್ಷ ಹೆಚ್ಚಿದೆ. ಅಡಿಕೆಯ ಒಟ್ಟು ಲಾಭದ ದರ ಶೇ 15.7ರಿಂದ 12.3ಕ್ಕೆ ಬಂದಿದೆ. ಮೆಣಸಿನ ಪಾಲು ಮೊದಲಿನಂತೆ ಶೇ 30 ಇದ್ದಿದ್ದರೆ ಈಗಿನ ದರಗಳಲ್ಲೇ ಒಟ್ಟು ಲಾಭ ಶೇ 17.3 ಆಗುತ್ತಿತ್ತು. ಹಾಗಾಗಿ ಇಳಿಕೆಯ ನಾಲ್ಕು ಅಂಶಗಳಲ್ಲಿ 1.3 ಮೆಣಸಿನ ಪಾಲು ತಗ್ಗಿದ್ದರಿಂದ, ಉಳಿದ 2.7 ಬಹುಪಾಲು ಅಡಿಕೆಯನ್ನು ತೆಳು ಲಾಭಕ್ಕೆ ಮಾರಿದ್ದರಿಂದ.

ಬ್ಯಾಲೆನ್ಸ್ ಶೀಟ್, ಮಾರ್ಚ್ 31ಕ್ಕೆ (ಆವರಣದಲ್ಲಿ ಒಟ್ಟು ಮೊತ್ತದ ಶೇಕಡಾವಾರು)

| ಬಾಬ್ತು | 2023 | 2024 | 2025 |
|---|---|---|---|
| ಸ್ಥಿರಾಸ್ತಿ | 90.0 (30.0) | 84.0 (22.3) | 106.0 (22.5) |
| ದಾಸ್ತಾನು | 112.0 (37.3) | 156.0 (41.5) | 204.0 (43.2) |
| ಗ್ರಾಹಕರಿಂದ ಬರಬೇಕಾದ್ದು | 72.0 (24.0) | 112.0 (29.8) | 142.0 (30.1) |
| ನಗದು, ಬ್ಯಾಂಕ್ | 12.0 (4.0) | 8.0 (2.1) | 5.0 (1.1) |
| ಇತರ ಚಾಲ್ತಿ ಆಸ್ತಿ | 14.0 (4.7) | 16.0 (4.3) | 15.0 (3.2) |
| ಒಟ್ಟು | 300.0 | 376.0 | 472.0 |
| ಸ್ವಂತ ಬಂಡವಾಳ | 120.0 (40.0) | 141.6 (37.7) | 152.4 (32.3) |
| ಟರ್ಮ್ ಲೋನ್ | 40.0 (13.3) | 32.0 (8.5) | 44.0 (9.3) |
| ಸಿಸಿ ಮತ್ತು ವರ್ಷದೊಳಗಿನ ಕಂತು | 80.0 (26.7) | 140.0 (37.2) | 206.0 (43.6) |
| ಮಾಲು ಕೊಟ್ಟವರಿಗೆ ಬಾಕಿ | 48.0 (16.0) | 50.0 (13.3) | 56.0 (11.9) |
| ಇತರ ಚಾಲ್ತಿ ಹೊಣೆ | 12.0 (4.0) | 12.4 (3.3) | 13.6 (2.9) |

ಪ್ರತಿ ಸಂಖ್ಯೆಯನ್ನು ಒಂದು ದಶಾಂಶಕ್ಕೆ ಪೂರ್ಣಗೊಳಿಸಿದ್ದರಿಂದ ಕೊನೆಯ ವರ್ಷದ ಆಸ್ತಿಯ ಶೇಕಡಾಗಳ ಮೊತ್ತ 100.1 ಬರುತ್ತದೆ.

ದಾಸ್ತಾನು ಮತ್ತು ಬರಬೇಕಾದ ಬಾಕಿ ಸೇರಿ ಶೇ 61.3 ಇದ್ದದ್ದು ಶೇ 73.3 ಆಗಿದೆ. ಎದುರು ಬದಿಯಲ್ಲಿ ಅಷ್ಟೇ ಜೋರಾಗಿ ಬೆಳೆದದ್ದು ಅಲ್ಪಾವಧಿ ಸಾಲ. ಮಾಲು ಕೊಟ್ಟವರ ಪಾಲು ತಗ್ಗಿರುವುದನ್ನೂ ಗಮನಿಸಿ. ಬೆಳೆಗಾರರಿಗೆ ಬೇಗ ಹಣ ಕೊಟ್ಟು, ಖರೀದಿದಾರರಿಗೆ ತಡವಾಗಿ ಕೊಡಲು ಬಿಟ್ಟು, ನಡುವಿನ ದಿನಗಳ ಬಡ್ಡಿಯನ್ನು ಕಂಪನಿ ಹೊತ್ತಿದೆ. ಬೆಳೆಗಾರರಿಗೆ ಬೇಗ ಕೊಡುವುದು ತಪ್ಪಲ್ಲ, ಒಳ್ಳೆಯ ಚಾಲಿ ಅಡಿಕೆ ಸಿಗುವುದೇ ಆ ನಂಬಿಕೆಯ ಮೇಲೆ. ಸರಿಪಡಿಸಬೇಕಾದ್ದು ಇನ್ನೊಂದು ತುದಿಯನ್ನು.

ಅನುಪಾತಗಳು

| ಅನುಪಾತ | 2022-23 | 2023-24 | 2024-25 |
|---|---|---|---|
| ಚಾಲ್ತಿ ಅನುಪಾತ | 1.50 | 1.44 | 1.33 |
| ತ್ವರಿತ ಅನುಪಾತ (ದಾಸ್ತಾನು ಬಿಟ್ಟು) | 0.70 | 0.67 | 0.59 |
| ಸಾಲ–ಸ್ವಂತ ಬಂಡವಾಳ | 1.00 | 1.21 | 1.64 |
| ಬಡ್ಡಿ ಭರಿಸುವ ಶಕ್ತಿ (ಪಟ್ಟು) | 3.75 | 2.42 | 1.50 |
| ಕಂತು-ಬಡ್ಡಿ ಭರಿಸುವ ಶಕ್ತಿ (ಪಟ್ಟು) | 2.34 | 1.81 | 1.37 |
| ದಾಸ್ತಾನು ದಿನ | 80 | 89 | 98 |
| ವಸೂಲಿ ದಿನ | 41 | 52 | 58 |
| ಪಾವತಿ ದಿನ | 33 | 27 | 25 |
| ನಗದು ಚಕ್ರ (ದಿನ) | 88 | 114 | 131 |
| ತೊಡಗಿಸಿದ ಬಂಡವಾಳದ ಮೇಲಿನ ಗಳಿಕೆ (ಶೇ) | 20.0 | 15.7 | 10.7 |
| ಸ್ವಂತ ಬಂಡವಾಳದ ಮೇಲಿನ ಗಳಿಕೆ (ಶೇ) | 24.6 | 16.5 | 7.3 |

ದಾಸ್ತಾನು ದಿನಕ್ಕೆ ಮಾಲಿನ ವೆಚ್ಚವನ್ನೂ ಪಾವತಿ ದಿನಕ್ಕೆ ಖರೀದಿಯನ್ನೂ (ಮಾಲಿನ ವೆಚ್ಚ + ದಾಸ್ತಾನಿನ ಏರಿಕೆ) ಬಳಸಿದ್ದೇವೆ. ನಗದು ಚಕ್ರವೆಂದರೆ ದಾಸ್ತಾನು ಮತ್ತು ವಸೂಲಿ ದಿನಗಳ ಮೊತ್ತದಿಂದ ಪಾವತಿ ದಿನ ಕಳೆದದ್ದು. ಸ್ವಂತ ಬಂಡವಾಳದ ಮೇಲಿನ ಗಳಿಕೆಗೆ ವರ್ಷದ ಆರಂಭ ಮತ್ತು ಕೊನೆಯ ಬಂಡವಾಳದ ಸರಾಸರಿಯನ್ನು ಬಳಸಿದ್ದೇವೆ. ದಾಸ್ತಾನನ್ನು ಮಾರಾಟದಿಂದ ಭಾಗಿಸಿದರೆ ದಿನಗಳು ಕಡಿಮೆ ಕಂಡು ಸಮಾಧಾನವಾಗುತ್ತದೆ, ಆದರೆ ಅದು ಹುಸಿ. ವಸೂಲಿ ದಿನದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಗ್ರಾಹಕರ ಬಾಕಿಯಲ್ಲಿ ಶೇ 5 ಜಿಎಸ್‌ಟಿ ಸೇರಿದೆ, ಮಾರಾಟದಲ್ಲಿ ಸೇರಿಲ್ಲ. ತೆರಿಗೆ ತೆಗೆದರೆ 2024-25ರ 58 ದಿನ 55 ಆಗುತ್ತದೆ. ಮೂರೂ ವರ್ಷಕ್ಕೆ ಒಂದೇ ಕ್ರಮ ಅನುಸರಿಸಿರುವುದರಿಂದ ಏರಿಕೆಯ ದಿಕ್ಕು ಬದಲಾಗುವುದಿಲ್ಲ.

ತೊಡಗಿಸಿದ ಬಂಡವಾಳದ ಗಳಿಕೆ ಶೇ 10.7, ಬ್ಯಾಂಕಿನ ಬಡ್ಡಿ ದರ ಶೇ 10.75. ಸಾಲ ತಂದು ವ್ಯಾಪಾರ ಹಿಗ್ಗಿಸಿದರೆ ಮಾಲೀಕರಿಗೆ ಈಗ ಏನೂ ಉಳಿಯುವುದಿಲ್ಲ ಎಂಬುದು ಈ ಎರಡು ಸಂಖ್ಯೆಗಳ ಅರ್ಥ.

ಮಾರ್ಚ್ 31ರ ಸಾಲದ ಮೊತ್ತ ವರ್ಷದ ಒಳಗಿನ ನಿಜ ತೋರಿಸುವುದಿಲ್ಲ. 28.8 ಲಕ್ಷದಲ್ಲಿ 1.8 ಲಕ್ಷ ಬ್ಯಾಂಕ್ ಶುಲ್ಕ. ಉಳಿದ 27 ಲಕ್ಷ ಬಡ್ಡಿಯನ್ನು ಶೇ 10.75ರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ವರ್ಷವಿಡೀ ಸರಾಸರಿ ಸಾಲ 251 ಲಕ್ಷ. ಆರಂಭ ಮತ್ತು ಕೊನೆಯ ಶಿಲ್ಕಿನ ಸರಾಸರಿ 211 ಲಕ್ಷ ಮಾತ್ರ. ಒಣಗಿದ ಚಾಲಿ ಬೇಸಿಗೆಯಲ್ಲಿ ಹೆಚ್ಚು ಬರುವುದರಿಂದ, ಮಳೆಗಾಲಕ್ಕೆ ಮೊದಲು ಕೊಂಡಿಡುವ ತಿಂಗಳುಗಳಲ್ಲಿ ಸಾಲ ಏರಿರುತ್ತದೆ. ಇನ್ನು ಮುಂದೆ ತಿಂಗಳ ಕೊನೆಯ ಶಿಲ್ಕುಗಳ ಸರಾಸರಿಯಿಂದಲೇ ದಿನಗಳನ್ನು ಲೆಕ್ಕ ಹಾಕಬೇಕು.

ಸಣ್ಣ ಕಂಪನಿಗೆ ನಗದು ಹರಿವಿನ ಪಟ್ಟಿ ಕಡ್ಡಾಯವಲ್ಲ, ಆದರೂ ತಯಾರಿಸಿ ನೋಡಿದೆವು. ಬಡ್ಡಿ ಮತ್ತು ತೆರಿಗೆ ಕಟ್ಟಿದ ಮೇಲೆ ವ್ಯಾಪಾರದಿಂದ 2023-24ರಲ್ಲಿ 52.6 ಲಕ್ಷ, 2024-25ರಲ್ಲಿ 48.2 ಲಕ್ಷ ಹೊರಹೋಗಿದೆ. ಎರಡೂ ವರ್ಷ ಪುಸ್ತಕದಲ್ಲಿ ಲಾಭವೇ ಇತ್ತು. ಇದೇ ಅವಧಿಯಲ್ಲಿ ಸಿಸಿ 72ರಿಂದ 194 ಲಕ್ಷಕ್ಕೆ ಹೋಯಿತು. 2024-25ರಲ್ಲಿ ಕೊಂಡ 32.8 ಲಕ್ಷದ ಡ್ರೈಯರ್‌ಗೆ ಟರ್ಮ್ ಲೋನ್ ಸಿಕ್ಕಿದ್ದು 24 ಲಕ್ಷ, ಉಳಿದ 8.8 ಲಕ್ಷವೂ ಸಿಸಿಯ ಮೇಲೆಯೇ ಬಿದ್ದಿದೆ. ದೀರ್ಘಾವಧಿ ಆಸ್ತಿಗೆ ಅಲ್ಪಾವಧಿ ಹಣ ಹಾಕಿದ್ದರಿಂದ ಚಾಲ್ತಿ ಅನುಪಾತ ಇನ್ನಷ್ಟು ಕುಗ್ಗಿದೆ.

ಪಟ್ಟಿಯಲ್ಲಿ ಕಾಣದ ಎರಡು ವಿಷಯ

ಗೋದಾಮಿನ ಎಣಿಕೆಯಲ್ಲಿ ಬಿಳೆಗೋಟು ಮತ್ತು ಕೋಕಾ ಎಂಬ ಕೆಳದರ್ಜೆಯ 40 ಕ್ವಿಂಟಾಲ್ ಅಡಿಕೆಯನ್ನೂ ‘ಚಾಲಿ’ ಎಂದು ಒಂದೇ ಸಾಲಿನಲ್ಲಿ, ಕೆಜಿಗೆ 360 ರೂ.ನಂತೆ ಬರೆದಿದೆ. ಆ ಮಾಲಿನಿಂದ ಸಿಗಬಹುದಾದ ದರ ಸುಮಾರು 270 ರೂ. ಕೊಂಡ ಬೆಲೆ ಮತ್ತು ಮಾರಿ ಕೈಗೆ ಬರುವ ಬೆಲೆ ಇವೆರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಬೇಕೆಂಬುದು ಲೆಕ್ಕಪತ್ರ ಮಾನದಂಡ. ವ್ಯತ್ಯಾಸ 3.6 ಲಕ್ಷ. ತೇವ ಆರಿ ತೂಕ ಇಳಿಯುವುದನ್ನೂ ಪ್ರತ್ಯೇಕವಾಗಿ ಬರೆಯುತ್ತಿಲ್ಲ. ಎಣಿಕೆ ಹಾಳೆಯಲ್ಲಿ ರಾಶಿ, ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಬೇರೆಬೇರೆ ಸಾಲು, ತಿಂಗಳಿಗೊಮ್ಮೆ ತೂಕ ಇರಲೇಬೇಕು.

ಎರಡನೆಯದು ಬಾಕಿಯ ವಯಸ್ಸು. 142 ಲಕ್ಷದಲ್ಲಿ 60 ದಿನದೊಳಗಿನದು 82, 61ರಿಂದ 90 ದಿನದ್ದು 22, 91ರಿಂದ 180 ದಿನದ್ದು 20, ಆರು ತಿಂಗಳು ಮೀರಿದ್ದು 18 ಲಕ್ಷ. ಈ 18ರಲ್ಲಿ 14 ಲಕ್ಷ ಹೊರರಾಜ್ಯದ ಒಬ್ಬನೇ ಖರೀದಿದಾರನದು. ಅನುಮಾನದ ಬಾಕಿಗೆಂದು ಒಂದು ರೂಪಾಯಿಯನ್ನೂ ತೆಗೆದಿರಿಸಿಲ್ಲ. ಅರ್ಧ, ಅಂದರೆ 9 ಲಕ್ಷ ತೆಗೆದಿರಿಸಿ, ದಾಸ್ತಾನಿನ 3.6 ಲಕ್ಷವನ್ನೂ ಕಳೆದರೆ ತೆರಿಗೆ ಪೂರ್ವ ಲಾಭ 14.4ರಿಂದ 1.8 ಲಕ್ಷಕ್ಕೆ ಇಳಿಯುತ್ತದೆ. 2024-25ರ ಲಾಭ ಎಷ್ಟು ತೆಳುವಾಗಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಬ್ಯಾಂಕು ಏನು ನೋಡುತ್ತದೆ

ಚಾಲ್ತಿ ಆಸ್ತಿಯ ಕಾಲು ಭಾಗವಾದರೂ ದೀರ್ಘಾವಧಿ ಹಣದಿಂದ ಬಂದಿರಬೇಕೆಂಬ ಲೆಕ್ಕದಿಂದ ಚಾಲ್ತಿ ಅನುಪಾತಕ್ಕೆ 1.33 ಎಂಬ ಗೆರೆ ಬಂದಿದೆ. ನಮ್ಮ 1.33 ಪೂರ್ಣಗೊಳಿಸಿದ ಅಂಕಿ, ನಿಜವಾದದ್ದು 1.328. 366 ಲಕ್ಷದ ಚಾಲ್ತಿ ಆಸ್ತಿಗೆ 274.5 ಲಕ್ಷದ ಹೊಣೆ ಮಾತ್ರ ಇರಬಹುದಿತ್ತು, ಇರುವುದು 275.6. ಹಳೆಯ 18 ಲಕ್ಷವನ್ನು ಬ್ಯಾಂಕು ಗಣನೆಗೆ ತೆಗೆದುಕೊಳ್ಳದಿದ್ದರೆ ಅನುಪಾತ 1.26.

ಮಂಜೂರಾತಿ ಪತ್ರದ ಪ್ರಕಾರ ದಾಸ್ತಾನಿಗೂ 90 ದಿನದೊಳಗಿನ ಬಾಕಿಗೂ ಶೇ 25 ಮಾರ್ಜಿನ್, ಅಂದರೆ ಅಷ್ಟು ಭಾಗಕ್ಕೆ ಸಾಲ ಸಿಗುವುದಿಲ್ಲ. ದಾಸ್ತಾನು 204ರಿಂದ ಮಾಲು ಕೊಟ್ಟವರ 56 ಕಳೆದು 148, ಅದರ ಮುಕ್ಕಾಲು 111. ಬಾಕಿ 104ರ ಮುಕ್ಕಾಲು 78. ಡ್ರಾಯಿಂಗ್ ಪವರ್, ಅಂದರೆ ಸಿಸಿಯಲ್ಲಿ ಈಗ ತೆಗೆಯಬಹುದಾದ ಮೊತ್ತ 189 ಲಕ್ಷ, ಬಳಸಿರುವುದು 194. ಮಿತಿ 200 ಲಕ್ಷ ಇದೆಯೆಂದು ನಿಶ್ಚಿಂತೆಯಾಗಿರುವಂತಿಲ್ಲ, ಖಾತೆ 5 ಲಕ್ಷ ಮೀರಿದೆ.

ಲೆಕ್ಕಪತ್ರದ ಟಿಪ್ಪಣಿಗೂ ಇದು ಸಂಬಂಧಿಸಿದೆ. ಕಂಪನಿ ಕಾಯ್ದೆಯ 3ನೇ ಅನುಸೂಚಿಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಅದರಲ್ಲಿ ಹೆಸರಿಸಿದ ಯಾವುದೇ ಅನುಪಾತ ಹಿಂದಿನ ವರ್ಷಕ್ಕಿಂತ ಶೇ 25ಕ್ಕೂ ಹೆಚ್ಚು ಬದಲಾದರೆ ಕಾರಣ ಬರೆಯಬೇಕು. 2024-25ರಲ್ಲಿ ಸಾಲ–ಬಂಡವಾಳ, ನಿವ್ವಳ ಲಾಭ, ಎರಡೂ ಬಗೆಯ ಗಳಿಕೆ ಈ ಗೆರೆ ದಾಟಿವೆ. ‘ಮಾರುಕಟ್ಟೆ ಪರಿಸ್ಥಿತಿ’ ಎಂದು ಒಂದೇ ಪದ ಬರೆದರೆ ಸಾಲದು. ಅಡಿಕೆಯ ಲಾಭದ ದರ ಇಳಿದದ್ದು, ಸಿಸಿ ಬಳಕೆ ಹೆಚ್ಚಿದ್ದು ಎಂದು ಅಂಕಿ ಸಹಿತ ಬರೆಯಬೇಕು.

ಈ ವರ್ಷ ಮಾಡಬೇಕಾದ್ದು

ವಸೂಲಿಯನ್ನು 45 ದಿನಕ್ಕೆ ತಂದರೆ ಸುಮಾರು 31 ಲಕ್ಷ, ದಾಸ್ತಾನನ್ನು 85 ದಿನಕ್ಕೆ ತಂದರೆ 28 ಲಕ್ಷ ಬಿಡುಗಡೆಯಾಗುತ್ತದೆ. 59 ಲಕ್ಷ ಸಿಸಿಗೆ ಹೋದರೆ ವರ್ಷಕ್ಕೆ 6.3 ಲಕ್ಷ ಬಡ್ಡಿ ಉಳಿತಾಯ, ಚಾಲ್ತಿ ಅನುಪಾತ 1.42. ಇದು ಮಾರಾಟ ಹೆಚ್ಚಿಸದೆಯೇ ಆಗುವ ಲಾಭ. 60 ದಿನ ಮೀರಿದ ಖರೀದಿದಾರನಿಗೆ ಹೊಸ ಲೋಡು ಕಳಿಸಬಾರದು. ಒಬ್ಬ ಖರೀದಿದಾರನ ಬಾಕಿ 15 ಲಕ್ಷ ಮೀರಬಾರದು. ಅಡಿಕೆ ವ್ಯವಹಾರ ಒಪ್ಪುವ ಮುನ್ನ ಒಟ್ಟು ಲಾಭ ಶೇ 14ಕ್ಕಿಂತ ಕಡಿಮೆಯಿದ್ದರೆ ಮುಂಗಡ ಹಣಕ್ಕೆ ಮಾತ್ರ ಮಾರಬೇಕು, ಏಕೆಂದರೆ 58 ದಿನದ ಬಾಕಿಗೆ ಬಡ್ಡಿಯೇ ಮಾರಾಟದ ಶೇ 1.7ರಷ್ಟು ತಿನ್ನುತ್ತದೆ.

ಮುಂದಿನ ವರ್ಷ ಟರ್ಮ್ ಲೋನ್ ಕಂತು 8ರಿಂದ 12 ಲಕ್ಷಕ್ಕೆ ಏರುತ್ತದೆ. ಗಳಿಕೆ ಹೀಗೇ ಇದ್ದರೆ ಕಂತು-ಬಡ್ಡಿ ಭರಿಸುವ ಶಕ್ತಿ 1.24 ಆಗುತ್ತದೆ. ಆದ್ದರಿಂದ 14 ಲಕ್ಷದ ಹಳೆಯ ಬಾಕಿಯ ವಸೂಲಿ, 40 ಕ್ವಿಂಟಾಲ್ ಕೆಳದರ್ಜೆ ಮಾಲಿನ ವಿಲೇವಾರಿ ಈ ಎರಡನ್ನೂ ಮುಂದಿನ ಮಳೆಗಾಲಕ್ಕೆ ಮೊದಲು ಮುಗಿಸಿ, ಬಂದ ಹಣವನ್ನು ನೇರವಾಗಿ ಸಿಸಿ ಖಾತೆಗೆ ಕಟ್ಟಬೇಕು.