ನಿಮ್ಮ ಸ್ವಿಫ್ಟ್ ಕಾರಿನ ಸರ್ವಿಸ್ ರಿಪೋರ್ಟ್: ಈಗ ಮಾಡಿಸಬೇಕಾದ್ದು, ಕಾಯಬಹುದಾದ್ದು

ನಮಸ್ತೆ ಮೇಡಂ,

ಬೆಳಿಗ್ಗೆ ಕಳಿಸಿದ ಎಸ್ಟಿಮೇಟ್ ನೋಡಿ ಗಾಬರಿ ಆಗಿರಬಹುದು. ಒಟ್ಟು 24,900 ರೂಪಾಯಿ ಇದೆ. ಕಾರಿನಲ್ಲಿ ಕಂಡದ್ದನ್ನೆಲ್ಲ ಬರೆದಿದ್ದೇವೆ, ಅಷ್ಟೇ. ಎಲ್ಲವನ್ನೂ ಈಗಲೇ ಮಾಡಿಸಬೇಕು ಅಂತಲ್ಲ. ಭಾನುವಾರ ನೀವು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗ್ತೀನಿ ಅಂದಿದ್ರಿ. ಅದನ್ನು ಲೆಕ್ಕಕ್ಕೆ ತಗೊಂಡೇ ಹೇಳ್ತಿದ್ದೇನೆ: ಈಗ 6,800 ಸಾಕು. ಅದರಲ್ಲಿ 2,650 ನೀವು ಮೊದಲೇ ಒಪ್ಪಿದ ಆಯಿಲ್ ಸರ್ವಿಸ್. ಅದು ಮುಗಿದಿದೆ.

ಮುಖ್ಯವಾದದ್ದು ಬ್ರೇಕು. ಮುಂದಿನ ಎಡ ಚಕ್ರದ ಒಳಗಿನ ಪ್ಯಾಡ್ 2 ಮಿ.ಮೀ. ಉಳಿದಿದೆ. ಹೊರಗಿನದು ಇನ್ನೂ 5 ಇದೆ. ಒಂದೇ ಚಕ್ರದಲ್ಲಿ ಹೀಗೆ ಹೆಚ್ಚುಕಡಿಮೆ ಸವೆದಿದೆ ಅಂದರೆ ಕ್ಯಾಲಿಪರ್ ಪಿನ್ ಜಾಮ್ ಆಗಿದೆ ಅಂತ. ಬಿಚ್ಚಿ ನೋಡಿದೆವು, ಗ್ರೀಸ್ ಪೂರ್ತಿ ಒಣಗಿತ್ತು. ಪಿನ್ ಕ್ಲೀನ್ ಮಾಡದೆ ಬರೀ ಪ್ಯಾಡ್ ಹಾಕಿದರೆ ಹೊಸದೂ ಹಾಗೇ ಸವೆಯುತ್ತದೆ. ಹಾಗಾಗಿ ಎರಡೂ ಚಕ್ರಕ್ಕೆ ಪ್ಯಾಡ್ ಸೆಟ್, ಪಿನ್ ಸರ್ವಿಸ್, ಮಜೂರಿ ಸೇರಿ 2,150. ಡಿಸ್ಕ್ ಚೆನ್ನಾಗಿದೆ, ಬದಲಾಯಿಸೋದು ಬೇಡ. ಹಿಂದಿನ ಡ್ರಮ್ಮಿನ ಲೈನರ್ ಕೂಡ ಸಾಕಷ್ಟಿದೆ, ಧೂಳು ತೆಗೆದು ಹಾಕಿದ್ದೇವೆ.

ಅದರ ಜೊತೆ ಬ್ರೇಕ್ ಆಯಿಲ್, 450. ಇದನ್ನು ಎಲ್ಲರೂ ಮುಂದಕ್ಕೆ ಹಾಕುತ್ತಾರೆ, ಯಾಕಂದ್ರೆ ಮೇಲಿಂದ ನೋಡಿದರೆ ಡಬ್ಬಿ ತುಂಬೇ ಇರುತ್ತದೆ. ಆದರೆ ಈ ಆಯಿಲ್ ಗಾಳಿಯಲ್ಲಿನ ನೀರಿನ ಪಸೆ ಹೀರಿಕೊಳ್ಳುತ್ತದೆ. ಘಾಟಿಯಲ್ಲಿ ಒಂದೇ ಸಮ ಬ್ರೇಕ್ ಒತ್ತಿದಾಗ ಬಿಸಿಯಾಗಿ, ಒಳಗೇ ಕುದಿದು ಗುಳ್ಳೆ ಬರುತ್ತದೆ. ಆಗ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸೋದು ಒಳ್ಳೆಯದು. ನಿಮ್ಮ ಹಳೆಯ ಬಿಲ್ಲುಗಳಲ್ಲಿ ಬದಲಾಯಿಸಿದ್ದು ಎಲ್ಲೂ ಕಾಣಲಿಲ್ಲ.

ಮೂರನೆಯದು ಎಡಗಡೆ ಆಕ್ಸಲ್‌ನ ಹೊರಗಿನ ಬೂಟ್, ಅಂದರೆ ಜಾಯಿಂಟಿನ ಮೇಲಿರುವ ರಬ್ಬರ್ ಕವರ್. ರಬ್ಬರ್ ಹರಿದು ಗ್ರೀಸ್ ಚಕ್ರದ ಒಳಬದಿಗೆಲ್ಲ ಸಿಡಿದಿದೆ, ಫೋಟೋ ಕಳಿಸಿದ್ದೇನೆ. ಇದರಿಂದ ಭಾನುವಾರ ಕಾರು ನಿಂತುಹೋಗುವುದಿಲ್ಲ, ನಿಜ. ಆದರೂ ಈಗಲೇ ಅನ್ನುತ್ತಿರುವುದು ದುಡ್ಡಿನ ಕಾರಣಕ್ಕೆ. ಜಾಯಿಂಟ್ ಇನ್ನೂ ಶಬ್ದ ಮಾಡುತ್ತಿಲ್ಲ. ಈಗ ಬೂಟ್, ಹೊಸ ಗ್ರೀಸ್, ಮಜೂರಿ ಎಲ್ಲ ಸೇರಿ 1,550ಕ್ಕೆ ಮುಗಿಯುತ್ತದೆ. ಮಣ್ಣು, ಮರಳು ಒಳಗೆ ಹೋಗಿ ತಿರುವಿನಲ್ಲಿ ಟಕಟಕ ಶಬ್ದ ಶುರುವಾದರೆ ಬೂಟ್ ಹಾಕಿ ಪ್ರಯೋಜನವಿಲ್ಲ. ಜಾಯಿಂಟನ್ನೇ ಬದಲಾಯಿಸಬೇಕು, ಖರ್ಚು ಇದರ ಎಷ್ಟೋ ಪಟ್ಟು.

ಉಳಿದ 18,100 ರೂಪಾಯಿಯ ಕೆಲಸ ಕಾಯಬಹುದು. ದೊಡ್ಡ ಮೊತ್ತ ಮುಂದಿನ ಎರಡು ಟೈರಿನದು, 8,600. ಟೈರಿನ ಮೇಲಿನ ಗೆರೆಗಳ ಆಳ 2.5 ಮಿ.ಮೀ. ಇದೆ. ಕಾನೂನಿನ ಮಿತಿ 1.6. ಈಗ ಒಣ ರಸ್ತೆ, ಫೆಬ್ರವರಿ ತಿಂಗಳು, ತೊಂದರೆ ಇಲ್ಲ. ಆದರೆ ಮಲೆನಾಡಿನ ಮಳೆಗೆ ಈ ಟೈರಲ್ಲಿ ಹೋಗಬೇಡಿ, ಮೇ ಕೊನೆಯೊಳಗೆ ಹಾಕಿಸಿಬಿಡಿ. ವೈಪರ್ ಬ್ಲೇಡ್ (600) ಕೂಡ ಅವಾಗಲೇ ಹಾಕಿದರಾಯ್ತು, ಬಿಸಿಲಿಗೆ ಸುಮ್ನೆ ಒಣಗಿಸೋದು ಯಾಕೆ? ಟೈರ್ ಸಮನಾಗಿ ಸವೆದಿದೆ, ಹಾಗಾಗಿ ಅಲೈನ್‌ಮೆಂಟ್ ಬರೆದಿಲ್ಲ.

ಹಂಪ್ ದಾಟುವಾಗ ಮುಂದೆ ಕೇಳಿಸುವ ಕಟಕಟ ಸದ್ದು ಲಿಂಕ್ ರಾಡಿನದು. ಎರಡೂ ಕಡೆಗೆ 2,000. ಅಪಾಯವೇನಿಲ್ಲ, ಕಿರಿಕಿರಿ ಅಷ್ಟೇ. ಎಸಿ ಹಾಕಿ ನಿಂತಾಗ ಬರುವ ನಡುಕ ಇಂಜಿನ್ ಮೌಂಟಿಂಗಿನದು, 2,400. ರಬ್ಬರ್ ಗಟ್ಟಿಯಾಗಿದೆ, ಹರಿದಿಲ್ಲ. ಮುಂದಿನ ಸರ್ವಿಸ್‌ನಲ್ಲಿ ಮತ್ತೆ ನೋಡೋಣ. ಬ್ಯಾಟರಿ (4,500) ರಾತ್ರಿ ನಿಲ್ಲಿಸಿ ಅಳೆದಾಗ 12.4 ವೋಲ್ಟ್ ತೋರಿಸಿತು. ಮುದಿಯಾಗಿದೆ, ಆದರೆ ಸ್ಟಾರ್ಟ್ ಚೆನ್ನಾಗಿ ಆಗುತ್ತಿದೆ. ಬೆಳಿಗ್ಗೆ ಎಳೆದಾಡಿ ಸ್ಟಾರ್ಟ್ ಆಗಲು ಶುರುವಾದರೆ ಒಂದು ಫೋನ್ ಮಾಡಿ.

ನಿಮ್ಮ ಮಗ ಕೇಳಿದ ಇಂಜಿನ್ ಡಿಕಾರ್ಬ್, ಅಂದರೆ ಒಳಗಿನ ಕಾರ್ಬನ್ ಕ್ಲೀನ್ ಮಾಡೋದು, ಬೇಡ ಮೇಡಂ. ಮೈಲೇಜ್ ಇಳಿದಿಲ್ಲ, ಮಿಸ್ಸಿಂಗ್ ಇಲ್ಲ. ಮಾಡಿಸಿದರೆ ನಮಗೆ ಲಾಭ, ಕಾರಿಗಲ್ಲ. ಅದಕ್ಕೇ ಎಸ್ಟಿಮೇಟಿಗೆ ಹಾಕಿಲ್ಲ.

ರೇಟುಗಳಲ್ಲಿ ಟ್ಯಾಕ್ಸ್ ಸೇರಿದೆ. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಬೂಟ್, ಈ ಮೂರಕ್ಕೆ ಇವತ್ತು ಮಧ್ಯಾಹ್ನ 1 ಗಂಟೆಯೊಳಗೆ "ಸರಿ" ಅಂತ ಒಂದು ಮೆಸೇಜ್ ಹಾಕಿದರೆ ನಾಳೆ ಸಂಜೆ 5ಕ್ಕೆ ಕಾರು ರೆಡಿ. ಬೇರೇನಾದರೂ ಕೆಲಸ ಕಂಡರೆ ನಿಮ್ಮನ್ನು ಕೇಳದೆ ಕೈ ಹಾಕುವುದಿಲ್ಲ. ಬಿಚ್ಚಿದ ಹಳೆಯ ಪಾರ್ಟ್ಸ್ ಡಿಕ್ಕಿಯಲ್ಲಿ ಇಟ್ಟಿರುತ್ತೇವೆ.

ಹೊಸ ಪ್ಯಾಡ್ ಕೂರುವವರೆಗೆ, ಅಂದರೆ ಮೊದಲ ಇನ್ನೂರು ಕಿಲೋಮೀಟರ್, ಜೋರಾಗಿ ಬ್ರೇಕ್ ಹೊಡೆಯಬೇಡಿ. ಶನಿವಾರ ಊರೊಳಗೆ ಒಂದಿಷ್ಟು ಓಡಿಸಿ. ಘಾಟಿಯಲ್ಲಿ ಎರಡನೇ ಗೇರಿನಲ್ಲೇ ಇಳಿಯಿರಿ.